ಫೋಟೋ ನೋಡಿ ಅಸಲಿಯಾ ನಕಲಿಯಾ ಹೇಳಿ ಅಂದ್ರೆ...

(ಮಂಜೇಶ್ವರ ತಾಲೂಕಿನ ನಮ್ಮೂರ ವಾಚನಾಲಯದಲ್ಲಿ ಯುವಕ ಯುವತಿಯರ ಜೊತೆ ಆಡಿದ ಮಾತು. ಬರಲು ಆಗದವರು ಕೇಳಿದ್ದರಿಂದ ಬರೆದು ಹಾಕುತ್ತಿದ್ದೇವೆ.)



ಮೈಕ್ ಬೇಡ, ಇಷ್ಟು ಜನಕ್ಕೆ ಹೀಗೇ ಕೇಳ್ತದೆ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ.

ನಾವು ಬ್ಯಾಂಕಿನಲ್ಲಿ ಗುಮಾಸ್ತರು. ಬಿ.ಕಾಂ. ಮಾಡಿ ಪರೀಕ್ಷೆ ಬರೆದು ಕೌಂಟರಿನಲ್ಲಿ ಕೂತವರು, ಕಂಪ್ಯೂಟರ್ ಇಂಜಿನಿಯರುಗಳಲ್ಲ. ಆದರೆ ಬ್ಯಾಂಕಿನಲ್ಲಿ ಇದ್ದೇವೆ ಅಂತ ಗೊತ್ತಾದ ದಿನದಿಂದ ನಮ್ಮ ವಾಟ್ಸಾಪಿಗೆ ವಾರಕ್ಕೆ ಒಂದಾದರೂ ಫೋಟೋ ಬರ್ತದೆ. ಒಮ್ಮೆ ಜಾತಿ ಸರ್ಟಿಫಿಕೇಟು, ಒಮ್ಮೆ ಡಿಗ್ರಿ ಸರ್ಟಿಫಿಕೇಟು, ಒಮ್ಮೆ ಗಲ್ಫಿನ ಯಾವುದೋ ಕಂಪೆನಿಯ ಕಾಗದ. ಕೆಳಗೆ ಒಂದೇ ಸಾಲು: "ಅಣ್ಣಾ, ಇದು ಅಸಲಿಯಾ? ಒಮ್ಮೆ ನೋಡಿ ಹೇಳಿ." ಮೊದಲು ನಾವೂ ಹೇಳ್ತಾ ಇದ್ದೆವು. ದೊಡ್ಡದು ಮಾಡಿ ನೋಡುವುದು, ಸೀಲು ನೋಡುವುದು, ಸಹಿ ನೋಡುವುದು, ಆಮೇಲೆ "ಸರಿ ಕಾಣ್ತದೆ" ಅಂತ ಬರೆಯುವುದು. ಈಗ ಹೇಳುವುದಿಲ್ಲ. ಯಾಕೆ ನಿಲ್ಲಿಸಿದೆವು ಅಂತ ಹೇಳಲಿಕ್ಕೇ ಇವತ್ತು ಬಂದದ್ದು.

ನಿಮಗೆ ಗೊತ್ತುಂಟು, ಈ ವಾಚನಾಲಯದ ಹುಡುಗರು ಸೇರಿ ಪ್ರತಿವರ್ಷ ಸಣ್ಣದೊಂದು ವಿದ್ಯಾರ್ಥಿ ನೆರವು ಕೊಡ್ತೇವೆ. ಹನ್ನೆರಡು ಮಕ್ಕಳಿಗೆ ತಲಾ 6,000 ರೂಪಾಯಿ. ಮನೆಯ ವಾರ್ಷಿಕ ಆದಾಯ ಒಂದು ಲಕ್ಷದ ಒಳಗೆ ಇರಬೇಕು ಅಂತ ಒಂದು ನಿಯಮ. ವಿಲೇಜ್ ಆಫೀಸಿನಿಂದ ಸಿಕ್ಕಿದ ಆದಾಯ ಪ್ರಮಾಣಪತ್ರದ ಫೋಟೋ ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು ಅಂತ ಹೇಳಿದ್ದೆವು. ಮಕ್ಕಳಿಗೆ ಓಡಾಟ ತಪ್ಪಲಿ ಅಂತ. ಅರ್ಜಿಗಳು ಬಂದವು, ನಾವು ಮೂರು ಜನ ಕೂತು ಒಂದೊಂದೇ ಫೋಟೋ ನೋಡಿದೆವು. ಅದರಲ್ಲಿ ಎರಡರ ಕಥೆ ಹೇಳ್ತೇವೆ. ಹೆಸರು ಬೇಡ.

ಒಂದು ಹುಡುಗನದು. ಕಾಗದ ಅಂದ್ರೆ ಕಾಗದ! ನೇರವಾಗಿ ಸ್ಕ್ಯಾನ್ ಮಾಡಿದ್ದು, ಅಕ್ಷರ ಸ್ಪಷ್ಟ, ಲಾಂಛನ ಸರಿ, ಕ್ಯೂಆರ್ ಕೋಡ್ ಉಂಟು, ಸಹಿಯ ಜಾಗದಲ್ಲಿ ಹಸಿರು ಟಿಕ್ ಮಾರ್ಕ್ ಉಂಟು. ಆದಾಯ 72,000, ಅಂಕೆಯಲ್ಲೂ ಅಕ್ಷರದಲ್ಲೂ. ಅರ್ಧ ನಿಮಿಷದಲ್ಲಿ ಪಾಸ್ ಮಾಡಿದೆವು.

ಇನ್ನೊಂದು ಒಬ್ಬ ಹುಡುಗಿಯದು. ಮುದ್ರಿಸಿದ ಕಾಗದವನ್ನು ಮಂಚದ ಮೇಲಿಟ್ಟು ರಾತ್ರಿ ಬಲ್ಬಿನ ಬೆಳಕಲ್ಲಿ ತೆಗೆದ ಫೋಟೋ. ಒಂದು ಮೂಲೆಯೇ ಇಲ್ಲ. ಅಪ್ಪನ ಹೆಸರು ಐತಪ್ಪ. ಅರ್ಜಿಯಲ್ಲಿ `Aithappa`, ಸರ್ಟಿಫಿಕೇಟಿನಲ್ಲಿ `Ithappa`. ಸಹಿಯ ಜಾಗದಲ್ಲಿ ಹಳದಿ ಪ್ರಶ್ನೆ ಚಿಹ್ನೆ, ಅದರ ಮೇಲೆ `Signature Not Verified` ಅಂತ ಇಂಗ್ಲಿಷಿನಲ್ಲಿ ಬರೆದೇ ಉಂಟು. ಸಹಿ ಪರಿಶೀಲನೆ ಆಗಿಲ್ಲ ಅಂತ ಕಾಗದವೇ ಹೇಳ್ತಾ ಇದೆ, ಮತ್ತೇನು ನೋಡುವುದು? "ಸರಿಯಾದ್ದು ತೆಗೆದುಕೊಂಡು ಬಾ ತಂಗೀ" ಅಂತ ವಾಪಸು ಕಳಿಸಿದೆವು. ಅವಳ ಅಮ್ಮ ಬೀಡಿ ಕಟ್ಟುವವರು. ಒಂದು ದಿನದ ಕೆಲಸ ಬಿಟ್ಟು ಮಗಳ ಜೊತೆ ವಿಲೇಜ್ ಆಫೀಸಿಗೆ ಹೋದರು.

ಆಮೇಲೆ ಆದದ್ದು ಇದು. ನಮ್ಮ ಗುಂಪಿನ ಒಬ್ಬರು ಬೇರೆ ಕೆಲಸಕ್ಕೆ ಅಕ್ಷಯ ಕೇಂದ್ರಕ್ಕೆ ಹೋಗಿದ್ದರು. ಸುಮ್ಮನೆ ಇರಲಿ ಅಂತ ಎಲ್ಲಾ ಅರ್ಜಿಗಳ ಸರ್ಟಿಫಿಕೇಟ್ ನಂಬರು ಬರೆದುಕೊಂಡು ಹೋಗಿ, ಸರಕಾರದ ಇ-ಡಿಸ್ಟ್ರಿಕ್ಟ್ ಪೋರ್ಟಲಿನಲ್ಲಿ ಒಂದೊಂದೇ ಹಾಕಿ ನೋಡಿದರು. ಹುಡುಗನ ನಂಬರು ಸರಿ, ಹೆಸರು ಸರಿ, ತಾರೀಕು ಸರಿ. ಆದಾಯ ಮಾತ್ರ 1,72,000. ಹುಡುಗಿಯದ್ದು? ಎಲ್ಲವೂ ದಾಖಲೆಯಲ್ಲಿ ಇದ್ದ ಹಾಗೇ. `Ithappa` ಅಂತಲೇ ಕಚೇರಿಯ ದಾಖಲೆಯಲ್ಲೂ ಇತ್ತು. ನಾವು ಪಾಸ್ ಮಾಡಿದ್ದು ತಿದ್ದಿದ್ದು, ವಾಪಸು ಕಳಿಸಿದ್ದು ಅಸಲಿ.

ಹುಡುಗನಿಗೆ ಪಾಪ ಅದು ಗೊತ್ತೇ ಇರಲಿಲ್ಲ. ಅರ್ಜಿ ತುಂಬಿಸಿ ಕೊಡ್ತೇನೆ ಅಂತ 500 ರೂಪಾಯಿ ತೆಗೆದುಕೊಂಡ ಯಾರೋ ಮಾಡಿದ ಕೆಲಸ. ಆದರೆ ಸಿಕ್ಕಿಬಿದ್ದಿದ್ದರೆ ಹೆಸರು ಕೆಡುವುದು ಹುಡುಗನದ್ದೇ. ಸರಕಾರದ ಸ್ಕಾಲರ್‌ಶಿಪ್ಪಿಗೆ ಅದೇ ಫೋಟೋ ಹಾಕಿದ್ದರೆ ಪೊಲೀಸ್ ಕೇಸಿನವರೆಗೂ ಹೋಗಬಹುದಿತ್ತು.

ಈಗ ವಿಷಯಕ್ಕೆ ಬರುವ. ಮೂರು ಜೋಡಿ ಕಣ್ಣು ನೋಡಿಯೂ ಯಾಕೆ ಗೊತ್ತಾಗಲಿಲ್ಲ?

ನಮ್ಮ ತಲೆಯಲ್ಲಿ ನಕಲಿ ಅಂದ್ರೆ ಒಂದು ಚಿತ್ರ ಉಂಟು. ಅಕ್ಷರ ಬೇರೆ ಥರ ಇರ್ತದೆ, ಸೀಲು ಓರೆ ಇರ್ತದೆ, ಬಣ್ಣ ಹೊಂದುವುದಿಲ್ಲ ಅಂತ. ಹೊಸದಾಗಿ ಏನನ್ನಾದರೂ ಸೇರಿಸಿದಾಗ ಕೆಲವೊಮ್ಮೆ ಹಾಗೆ ಆಗ್ತದೆ, ನಿಜ. ಆದರೆ ಆ ಹುಡುಗನ ಕಾಗದದಲ್ಲಿ ಯಾರೂ ಏನನ್ನೂ ಸೇರಿಸಿರಲಿಲ್ಲ. ಅಳಿಸಿದ್ದರು. 1,72,000ದ ಮುಂದಿನ ಒಂದು ಮತ್ತು ಅಲ್ಪವಿರಾಮ ತೆಗೆದರೆ 72,000. ಅಕ್ಷರದಲ್ಲಿ ಬರೆದ ಕಡೆ ಒಂದು ಲಕ್ಷ ಅನ್ನುವ ಪದ ತೆಗೆದು, ಉಳಿದದ್ದನ್ನು ಎಡಕ್ಕೆ ಸರಿಸಿದರೆ ಆಯ್ತು. ಬಿಳಿ ಕಾಗದದ ಮೇಲೆ ಬಿಳಿ ಬಣ್ಣ. ಉಳಿದ ಅಕ್ಷರವೆಲ್ಲ ಅದೇ ಕಾಗದದ ಅಸಲಿ ಅಕ್ಷರ, ಹಾಗಾಗಿ ಫಾಂಟು ಹೊಂದದೆ ಇರುವ ಪ್ರಶ್ನೆಯೇ ಇಲ್ಲ. ಅಡಿಕೆ ಗೋಣಿಯಿಂದ ನಾಲ್ಕು ಅಡಿಕೆ ತೆಗೆದರೆ ಉಳಿದ ಅಡಿಕೆಯಲ್ಲಿ ಏನು ಗುರುತು ಕಾಣ್ತದೆ ಹೇಳಿ?

ಚಿಕ್ಕಪುಟ್ಟ ಗುರುತು ಏನಾದರೂ ಉಳಿದಿದ್ದರೂ ವಾಟ್ಸಾಪ್ ಅದನ್ನು ತೊಳೆದುಬಿಡ್ತದೆ. ಫೋಟೋವನ್ನು ಫೋಟೋ ಆಗಿಯೇ ಕಳಿಸಿದಾಗ ವಾಟ್ಸಾಪ್ ಅದನ್ನು ಚಿಕ್ಕದು ಮಾಡಿ, ಒತ್ತಿ, ಹೊಸದಾಗಿ ಬರೆದು ಕಳಿಸ್ತದೆ. ಯಾವ ಫೋನಿನಲ್ಲಿ, ಯಾವ ಹೊತ್ತಿಗೆ ತೆಗೆದದ್ದು ಅನ್ನುವ ಒಳಗಿನ ಮಾಹಿತಿಯೂ ಹೋಗ್ತದೆ. ತಿದ್ದಿದ ಜಾಗದ ಅಂಚು, ಸುತ್ತಲಿನ ಜಾಗ ಎಲ್ಲಾ ಒಂದೇ ಥರ ಮಸುಕಾಗ್ತದೆ. ಪರಿಣತರಿಗೂ ಅಲ್ಲಿಂದ ಹೆಚ್ಚು ಹೇಳಲು ಬರುವುದಿಲ್ಲ. ನಾಲ್ಕು ಕೈ ದಾಟಿ ಬಂದ ಫೋಟೋದಲ್ಲಿ ನಾವು ನೀವು ಎಂತ ಕಂಡುಹಿಡಿಯುವುದು?

ಇನ್ನು ಹಸಿರು ಟಿಕ್ ಮಾರ್ಕು ಮತ್ತು ಹಳದಿ ಪ್ರಶ್ನೆ ಚಿಹ್ನೆ. ಇಲ್ಲೇ ನಾವು ದೊಡ್ಡ ಮೂರ್ಖರಾದದ್ದು.

ಈಗಿನ ಸರ್ಟಿಫಿಕೇಟಿನಲ್ಲಿ ಅಧಿಕಾರಿ ಪೆನ್ನಿನಿಂದ ಸಹಿ ಹಾಕುವುದಿಲ್ಲ, ಡಿಜಿಟಲ್ ಸಹಿ ಹಾಕ್ತಾರೆ. ಅದು ಎಲ್ಲಿರುವುದು ಗೊತ್ತಾ? ಕಣ್ಣಿಗೆ ಕಾಣುವ ಆ ಚೌಕದಲ್ಲಿ ಅಲ್ಲ. ಪಿಡಿಎಫ್ ಫೈಲಿನ ಒಳಗೆ. ಸಹಿ ಹಾಕುವಾಗ ಕಂಪ್ಯೂಟರು ಇಡೀ ಫೈಲನ್ನು ಲೆಕ್ಕ ಹಾಕಿ ಒಂದು ಉದ್ದದ ಸಂಖ್ಯೆ ಮಾಡ್ತದೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯೇ ಆಗ್ತದೆ. ಆ ಸಂಖ್ಯೆಯನ್ನು ಅಧಿಕಾರಿಯ ಹತ್ತಿರ ಮಾತ್ರ ಇರುವ ಗುಟ್ಟಿನ ಕೀಲಿಯಿಂದ ಮುದ್ರೆ ಒತ್ತಿ ಫೈಲಿನಲ್ಲೇ ಇಡ್ತಾರೆ. ನೀವು ಫೈಲು ತೆರೆದಾಗ ನಿಮ್ಮ ಕಂಪ್ಯೂಟರು ಮತ್ತೆ ಲೆಕ್ಕ ಹಾಕಿ ಎರಡನ್ನೂ ತಾಳೆ ನೋಡ್ತದೆ. ನಾವು ಸಂಜೆ ಕ್ಯಾಶ್ ಕ್ಲೋಸ್ ಮಾಡುವಾಗ ನೋಟಿನ ಮೊತ್ತ ಮತ್ತು ಪುಸ್ತಕದ ಮೊತ್ತ ತಾಳೆ ನೋಡುವ ಹಾಗೆ.

ಆ ತಾಳೆಯ ಫಲವನ್ನು ತೋರಿಸುವುದು ಹಸಿರು ಟಿಕ್. ಅದು ಆ ಹೊತ್ತಿಗೆ, ಆ ಕಂಪ್ಯೂಟರು ಹೇಳುವ ಉತ್ತರ. ಅದನ್ನು ಸ್ಕ್ರೀನ್‌ಶಾಟ್ ತೆಗೆದರೆ, ಪ್ರಿಂಟ್ ಹಾಕಿ ಫೋಟೋ ತೆಗೆದರೆ, ಉಳಿಯುವುದು ಹಸಿರು ಬಣ್ಣದ ಒಂದು ಗೀಟು ಮಾತ್ರ. ಲೆಕ್ಕ ಹಾಕಲಿಕ್ಕೆ ಫೈಲೇ ಇಲ್ಲ. ಗೀಟು ಎಳೆಯುವುದು ಯಾರಿಗೂ ಕಷ್ಟ ಅಲ್ಲ. ಹುಡುಗನ ಕಾಗದದಲ್ಲಿ ಗೀಟು ಅಸಲಿ ಕಾಗದದಿಂದಲೇ ಬಂದದ್ದು, ಸುತ್ತಲಿನ ಅಂಕೆ ಬದಲಾದಾಗ ಅದಕ್ಕೇನೂ ಆಗಲಿಲ್ಲ. ಫೈಲು ಇದ್ದಿದ್ದರೆ, ಅದೇ ಫೈಲನ್ನು ತಿದ್ದಿದ್ದರೆ, ಕಂಪ್ಯೂಟರು ಕೂಡಲೇ ಕೆಂಪು ಗುರುತು ತೋರಿಸಿ ಸಹಿ ಆದ ಮೇಲೆ ಬದಲಾವಣೆ ಆಗಿದೆ ಅಂತ ಹೇಳ್ತಿತ್ತು.

ಹಳದಿ ಪ್ರಶ್ನೆ ಚಿಹ್ನೆಯದ್ದು ಇನ್ನೊಂದು ಕಥೆ. ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೆಳಗೆ ಡಿಜಿಟಲ್ ಸಹಿ ಕೊಡುವ ಸಂಸ್ಥೆಗಳಿಗೆಲ್ಲ ಮೇಲೆ ಒಬ್ಬರು ನಿಯಂತ್ರಕರಿದ್ದಾರೆ. ಅವರ ಬೇರು ಪ್ರಮಾಣಪತ್ರದ ಹೆಸರು `CCA India` ಅಂತ ಶುರುವಾಗ್ತದೆ. ನಿಮ್ಮ ಕಂಪ್ಯೂಟರಿನ ಪಿಡಿಎಫ್ ಓದುವ ಸಾಫ್ಟ್‌ವೇರಿಗೆ ಈ ಹೆಸರಿನ ಪರಿಚಯ ಇಲ್ಲದಿದ್ದರೆ, "ಸಹಿ ಉಂಟು, ಆದರೆ ಹಾಕಿದವರು ಯಾರು ಅಂತ ನನಗೆ ಗೊತ್ತಿಲ್ಲ" ಅನ್ನುವ ಅರ್ಥದಲ್ಲಿ ಪ್ರಶ್ನೆ ಚಿಹ್ನೆ ಹಾಕ್ತದೆ. ಸಹಿ ಸುಳ್ಳು ಅಂತ ಅಲ್ಲ. ಆ ಹುಡುಗಿಗೆ ಪ್ರಿಂಟ್ ಹಾಕಿ ಕೊಟ್ಟ ಕಂಪ್ಯೂಟರಿಗೆ ಪರಿಚಯ ಇರಲಿಲ್ಲ, ಅಷ್ಟೆ. ಅದು ಕಂಪ್ಯೂಟರಿನ ಅಜ್ಞಾನ. ಶಿಕ್ಷೆ ಆದದ್ದು ಅವಳಿಗೆ.

ಪಿಡಿಎಫ್ ಫೈಲೇ ಕೈಯಲ್ಲಿದ್ದರೆ ಕಂಪ್ಯೂಟರಿನಲ್ಲಿ ಅಡೋಬಿ ರೀಡರಿನಲ್ಲಿ ತೆರೆಯಿರಿ. ಮೊಬೈಲಿನಲ್ಲಿ ಪಿಡಿಎಫ್ ತೋರಿಸುವ ಹೆಚ್ಚಿನ ಆ್ಯಪುಗಳು ಸಹಿ ಪರೀಕ್ಷೆ ಮಾಡುವುದೇ ಇಲ್ಲ, ಬರೀ ಚಿತ್ರ ತೋರಿಸ್ತವೆ. ಸಹಿಯ ಮೇಲೆ ಒತ್ತಿ `Signature Properties`, ಅಲ್ಲಿಂದ `Show Signer's Certificate` ಗೆ ಹೋದರೆ ಸಹಿ ಹಾಕಿದವರ ಹೆಸರು, ಅವರಿಗೆ ಸಹಿ ಕೊಟ್ಟ ಸಂಸ್ಥೆ, ಅದಕ್ಕೂ ಮೇಲೆ ಯಾರು ಅಂತ ಒಂದು ವಂಶವೃಕ್ಷದ ಹಾಗೆ ಕಾಣ್ತದೆ. ಎಲ್ಲಕ್ಕಿಂತ ಮೇಲೆ `CCA India` ಇರಬೇಕು. ಇಲ್ಲಿ ಒಂದು ಎಚ್ಚರ. ಯೂಟ್ಯೂಬಿನಲ್ಲಿ ಪ್ರಶ್ನೆ ಚಿಹ್ನೆಯನ್ನು ಹಸಿರು ಮಾಡುವುದು ಹೇಗೆ ಅಂತ ಹೇಳಿಕೊಡುವ ವಿಡಿಯೋಗಳು ಇವೆ. `Add to Trusted Certificates` ಒತ್ತಿ ಅಂತಾರೆ. ಮೇಲಿರುವುದು ಯಾರು ಅಂತ ನೋಡದೆ ಒತ್ತಿದರೆ ಯಾರ ಸಹಿಯಾದರೂ ಹಸಿರಾಗ್ತದೆ. ಮನೆಯಲ್ಲಿ ಕೂತು ವಿಲೇಜ್ ಆಫೀಸರ್ ಅಂತ ಹೆಸರು ಹಾಕಿ ತಾನೇ ಒಂದು ಡಿಜಿಟಲ್ ಸಹಿ ಮಾಡಿಕೊಳ್ಳಲು ಯಾರಿಗೂ ಅಡ್ಡಿ ಇಲ್ಲ. ಅದನ್ನು ನಂಬು ಅಂತ ನಾವೇ ಕಂಪ್ಯೂಟರಿಗೆ ಹೇಳಿದರೆ ಅದು ನಂಬ್ತದೆ. ಬೇರು ಪ್ರಮಾಣಪತ್ರವನ್ನು ಸೇರಿಸುವುದೇ ಆದರೆ ನಿಯಂತ್ರಕರ ಸ್ವಂತ ತಾಣ `cca.gov.in` ನಿಂದ ತೆಗೆದುಕೊಳ್ಳಿ, ಬಂದ ಪಿಡಿಎಫ್ಫಿನಿಂದ ಅಲ್ಲ.

ಆಗ ಒಬ್ಬರು ಕೇಳಿದರು, ಬ್ಯಾಂಕಿನಲ್ಲಿ ನೀವು ಚೆಕ್ಕಿನ ಫೋಟೋ ನೋಡಿಯೇ ಲಕ್ಷಗಟ್ಟಲೆ ಪಾಸ್ ಮಾಡ್ತೀರಲ್ಲ, ಅದು ಹೇಗೆ ಅಂತ. ಒಳ್ಳೆಯ ಪ್ರಶ್ನೆ. ನಾವೇ ಹೇಳಬೇಕು ಅಂತಿದ್ದೆವು.

ಮೊದಲೆಲ್ಲ ಚೆಕ್ಕು ಕಾಗದವಾಗಿಯೇ ಊರಿಂದ ಊರಿಗೆ ಹೋಗ್ತಿತ್ತು. ಈಗ ಹೋಗುವುದಿಲ್ಲ, ಹಾಕಿದ ಬ್ಯಾಂಕಿನಲ್ಲೇ ನಿಲ್ತದೆ, ಅದರ ಚಿತ್ರ ಮಾತ್ರ ಹೋಗ್ತದೆ. ಹಾಗಾದರೆ ಹಣ ಕೊಡುವ ಬ್ಯಾಂಕು ಚಿತ್ರವನ್ನು ನಂಬಿತಾ? ಇಲ್ಲ. ಮೊದಲನೆಯದಾಗಿ, ಅಸಲಿ ಕಾಗದವನ್ನು ಚೆಕ್ಕು ಪಡೆದ ಬ್ಯಾಂಕಿನವರು ಕೈಯಲ್ಲಿ ಹಿಡಿದು ನೋಡಿರಬೇಕು. ಚೆಕ್ಕನ್ನು ಬೆಳಕಿಗೆ ಹಿಡಿದರೆ `CTS-INDIA` ಅನ್ನುವ ನೀರುಗುರುತು ಕಾಣ್ತದೆ. ಅತಿನೇರಳೆ ದೀಪದ ಕೆಳಗೆ ಬ್ಯಾಂಕಿನ ಲಾಂಛನ ಹೊಳೆಯುತ್ತದೆ. ಜೆರಾಕ್ಸ್ ಮಾಡಿದರೆ `VOID` ಅನ್ನುವ ಪದ ಎದ್ದು ಬರುವ ಹಾಗೆ ಅಚ್ಚು ಹಾಕಿರ್ತಾರೆ. ಇದೆಲ್ಲ ಕಾಗದದಲ್ಲಿರುವ ಗುಣ, ಫೋಟೋದಲ್ಲಿ ಬರುವುದಿಲ್ಲ. ಫೋಟೋದ ಮೇಲೆ ಅತಿನೇರಳೆ ದೀಪ ಹಿಡಿದರೆ ನಿಮ್ಮ ಮೊಬೈಲಿನ ಗಾಜು ಹೊಳೆಯಬಹುದು, ಅಷ್ಟೆ!

ಎರಡನೆಯದಾಗಿ, ಆ ಚಿತ್ರವನ್ನು ಕಳಿಸುವ ಬ್ಯಾಂಕು ತನ್ನ ಡಿಜಿಟಲ್ ಸಹಿ ಹಾಕಿ ಬ್ಯಾಂಕುಗಳ ನಡುವಿನ ಮುಚ್ಚಿದ ದಾರಿಯಲ್ಲೇ ಕಳಿಸ್ತದೆ. ದಾರಿಯಲ್ಲಿ ಯಾರೂ ಬದಲಿಸಿಲ್ಲ ಅಂತ ಗೊತ್ತಾಗ್ತದೆ, ತಪ್ಪಾದರೆ ಯಾರನ್ನು ಹಿಡಿಯಬೇಕು ಅಂತಲೂ ಗೊತ್ತಾಗ್ತದೆ. ಮೂರನೆಯದು, ಹಣ ಕೊಡುವ ಬ್ಯಾಂಕಿನಲ್ಲಿ ಕೂತವರು ಚಿತ್ರದಲ್ಲಿರುವ ಸಹಿಯನ್ನು ತಮ್ಮ ಹತ್ತಿರ ಮೊದಲೇ ಇರುವ ಖಾತೆದಾರನ ಮಾದರಿ ಸಹಿಯ ಜೊತೆ ಹೋಲಿಸ್ತಾರೆ. ಇಷ್ಟಾದರೂ ಮೋಸ ಆಗ್ತಿತ್ತು. ಹಾಗಾಗಿ 2021ರ ಜನವರಿ 1ರಿಂದ ರಿಸರ್ವ್ ಬ್ಯಾಂಕು ಪಾಸಿಟಿವ್ ಪೇ ಅಂತ ತಂದಿತು. 50,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಚೆಕ್ಕು ಕೊಟ್ಟವರು, ಚೆಕ್ಕಿನ ನಂಬರು, ತಾರೀಕು, ಯಾರಿಗೆ, ಎಷ್ಟು ಅಂತ ತಮ್ಮ ಬ್ಯಾಂಕಿಗೆ ಬೇರೆ ದಾರಿಯಲ್ಲಿ ಮೊದಲೇ ತಿಳಿಸಬಹುದು. ಚಿತ್ರ ಬಂದಾಗ ಅದರ ಜೊತೆ ತಾಳೆ ನೋಡ್ತಾರೆ.

ಇಲ್ಲಿ ಗಮನಿಸಿ. ಯಾವ ಹಂತದಲ್ಲೂ ಚಿತ್ರವನ್ನು ಚಿತ್ರದ ಜೊತೆಗೇ ಇಟ್ಟು ನೋಡ್ಲಿಲ್ಲ. ಪ್ರತಿಸಲವೂ ಇನ್ನೊಂದು ವಸ್ತು ಇತ್ತು, ಕಾಗದ, ಮಾದರಿ ಸಹಿ, ಮೊದಲೇ ತಿಳಿಸಿದ ವಿವರ. ಆ ಇನ್ನೊಂದು ವಸ್ತು ಚೆಕ್ಕು ತಂದವನ ಕೈಯಿಂದ ಬಂದದ್ದಲ್ಲ. ಸರ್ಟಿಫಿಕೇಟಿಗೂ ಬೇಕಾದದ್ದು ಅದೇ. ಕಾಗದ ಕೊಟ್ಟ ಕಚೇರಿಯ ದಾಖಲೆ ಬೇಕು, ಅದು ನಮಗೆ ಸಿಗುವ ದಾರಿ ಫೋಟೋ ಕಳಿಸಿದವರ ಮೂಲಕ ಹೋಗಬಾರದು. ಅಸಲಿತನ ಅನ್ನುವುದು ಕಾಗದದ ಮುಖದ ಮೇಲೆ ಇರುವ ಬಣ್ಣ ಅಲ್ಲ, ಕಾಗದಕ್ಕೂ ಕಚೇರಿಗೂ ಇರುವ ಸಂಬಂಧ. ಸಂಬಂಧ ಫೋಟೋದಲ್ಲಿ ಕಾಣುವುದಿಲ್ಲ.

"ಕ್ಯೂಆರ್ ಕೋಡ್ ಉಂಟಲ್ಲ, ಸ್ಕ್ಯಾನ್ ಮಾಡಿದರೆ ಆಯ್ತಲ್ಲ" ಅಂತ ಹೇಳುವವರು ಬಹಳ. ಕ್ಯೂಆರ್ ಅಂದ್ರೆ ಬರೀ ಬರಹ, ಕಪ್ಪು ಬಿಳಿ ಚೌಕದ ಲಿಪಿಯಲ್ಲಿ. ಯಾರು ಬೇಕಾದರೂ ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ಮಾಡಬಹುದು. ಹೆಚ್ಚಿನ ಸಲ ಅದರಲ್ಲಿ ಒಂದು ವೆಬ್ ವಿಳಾಸ ಇರ್ತದೆ. ಸ್ಕ್ಯಾನ್ ಮಾಡಿದ ಕೂಡಲೇ ಲಾಂಛನ ಇರುವ ಪುಟ ತೆರೆದು "ಪ್ರಮಾಣಪತ್ರ ಸರಿಯಾಗಿದೆ" ಅಂತ ಬಂದರೆ ನಾವು ಖುಷಿ. ಆದರೆ ಆ ಪುಟ ಯಾರದ್ದು? ಕೇರಳದ ಪೋರ್ಟಲಿನ ವಿಳಾಸ `edistrict.kerala.gov.in`. ಮೋಸದವರು ಹೀಗೆ ಮಾಡಬಹುದು:

```
edistrict.kerala.gov.in.certcheck.example
```

ಎಡಗಡೆಯಿಂದ ಓದಿದರೆ ಸರಕಾರದ್ದೇ ಅನ್ನಿಸ್ತದೆ. ಆದರೆ ವಿಳಾಸದ ಒಡೆಯ ಯಾರು ಅಂತ ಹೇಳುವುದು ಬಲಗಡೆ, ಮೊದಲ ಓರೆಗೆರೆಗಿಂತ ಮುಂಚೆ ಇರುವ ಭಾಗ. ಇಲ್ಲಿ ಒಡೆಯ `certcheck.example`, ಉಳಿದದ್ದೆಲ್ಲ ಅವನು ಇಟ್ಟುಕೊಂಡ ಅಲಂಕಾರ. ಅದು `.gov.in` ಅಂತಲೇ ಕೊನೆಯಾಗಬೇಕು. ಅದಕ್ಕಿಂತ ಸುಲಭ ಅಂದ್ರೆ ಕ್ಯೂಆರ್ ಬಿಟ್ಟುಬಿಡಿ. ಪೋರ್ಟಲಿನ ವಿಳಾಸವನ್ನು ನೀವೇ ಟೈಪ್ ಮಾಡಿ, ಕಾಗದದಲ್ಲಿರುವ ಸರ್ಟಿಫಿಕೇಟ್ ನಂಬರು, ಅದರ ಜೊತೆ ಕೇಳುವ ಭದ್ರತಾ ಸಂಖ್ಯೆ ಹಾಕಿ.

ದಾಖಲೆ ತೆರೆದ ಮೇಲೂ ಕೆಲಸ ಮುಗಿಯಲಿಲ್ಲ. "ನಂಬರ್ ಉಂಟು, ಸರಿ" ಅಂತ ಮುಚ್ಚಬೇಡಿ. ಆ ಹುಡುಗನ ನಂಬರೂ ಇತ್ತಲ್ಲ! ಹೆಸರು, ತಂದೆಯ ಹೆಸರು, ತಾರೀಕು, ಮೊತ್ತ, ಯಾವ ಉದ್ದೇಶಕ್ಕೆ ಕೊಟ್ಟದ್ದು ಅಂತ ಸಾಲು ಸಾಲಾಗಿ ಬೆರಳಿಟ್ಟು ನೋಡಿ. ಬೇರೆ ಯಾರದ್ದೋ ಅಸಲಿ ನಂಬರು ಹಾಕಿ ಹೆಸರು ಬದಲಿಸಿರಬಹುದು. ದಾಖಲೆಯಲ್ಲಿರುವುದನ್ನೇ ನಂಬಿ, ಫೋಟೋವನ್ನು ಪಕ್ಕಕ್ಕಿಡಿ.

ಒಂದು ವಿನಾಯಿತಿ ಹೇಳಲೇಬೇಕು, ಇಲ್ಲದಿದ್ದರೆ ನಾವು ಹೇಳಿದ್ದು ಪೂರ್ತಿ ಸರಿಯಾಗುವುದಿಲ್ಲ. ಆಧಾರಿನ ಈಗಿನ ಕ್ಯೂಆರ್ ಕೋಡಿನಲ್ಲಿ ಹೆಸರು, ವಿಳಾಸ, ಭಾವಚಿತ್ರ, ಅದರ ಜೊತೆಗೆ ಪ್ರಾಧಿಕಾರದ ಡಿಜಿಟಲ್ ಸಹಿಯೂ ಒಳಗೇ ಇರ್ತದೆ. ಪ್ರಾಧಿಕಾರದ ಸ್ವಂತ ಸ್ಕ್ಯಾನರ್ ಆ್ಯಪಿನಲ್ಲಿ ನೋಡಿದರೆ ಇಂಟರ್ನೆಟ್ ಇಲ್ಲದೆಯೂ ಸಹಿಯ ತಾಳೆ ಆಗ್ತದೆ. ಅಂದ್ರೆ ಚಿತ್ರದ ಮೂಲಕವೂ ಪುರಾವೆ ಬರಬಹುದು. ಆದರೆ ಅಲ್ಲಿಯೂ ನಮ್ಮ ಕಣ್ಣು ಏನನ್ನೂ ಹೇಳಲಿಲ್ಲ, ಲೆಕ್ಕ ಹಾಕಿದ್ದು ಆ್ಯಪು. ಹಾಗೆ ಬಂದ ಹೆಸರು ಮತ್ತು ಭಾವಚಿತ್ರವನ್ನು ಕಾರ್ಡಿನ ಮೇಲೆ ಅಚ್ಚಾದದ್ದರ ಜೊತೆ ನಾವು ಹೋಲಿಸಬೇಕು, ಯಾಕಂದ್ರೆ ಅಸಲಿ ಕ್ಯೂಆರ್ ಇಟ್ಟು ಮೇಲಿನ ಹೆಸರು ಮಾತ್ರ ಬದಲಿಸಿದವರೂ ಇರ್ತಾರೆ.

ಡಿಜಿಲಾಕರಿನ ಬಗ್ಗೆಯೂ ಗೊಂದಲ ಉಂಟು. ಅದರಲ್ಲಿ ಎರಡು ಕಪಾಟು. `Issued Documents` ನಲ್ಲಿರುವುದು ಕೊಟ್ಟ ಸಂಸ್ಥೆಯಿಂದಲೇ ನೇರ ಬಂದದ್ದು, ಅದಕ್ಕೆ ಮೂಲ ದಾಖಲೆಯ ಬೆಲೆ ಉಂಟು. ಇನ್ನೊಂದರಲ್ಲಿ ನಾವೇ ಸ್ಕ್ಯಾನ್ ಮಾಡಿ ಹಾಕಿದ್ದು ಇರ್ತದೆ, ಅದು ಮನೆಯ ಟ್ರಂಕಿನಲ್ಲಿಟ್ಟ ಜೆರಾಕ್ಸಿನ ಹಾಗೆ. "ಡಿಜಿಲಾಕರಿನಲ್ಲಿ ಉಂಟು" ಅಂತ ಸ್ಕ್ರೀನ್‌ಶಾಟ್ ಕಳಿಸಿದರೆ ಅದು ಯಾವ ಕಪಾಟಿನದ್ದು ಅಂತ ನಮಗೆ ಗೊತ್ತಾಗುವುದಿಲ್ಲ, ಸ್ಕ್ರೀನ್‌ಶಾಟ್ ಅಂದ ಮೇಲೆ ಅದೂ ಒಂದು ಚಿತ್ರವೇ. ಅವರೇ ಎದುರು ಕೂತು ತಮ್ಮ ಫೋನಿನಲ್ಲಿ ತೆರೆದು ತೋರಿಸಲಿ, ಅಥವಾ ಅಲ್ಲಿಂದ ಇಳಿಸಿಕೊಂಡ ಪಿಡಿಎಫ್ ಕಳಿಸಲಿ.

ಇದನ್ನು ಓದುವ ಗಡಿಯ ಬೇರೆ ಕಡೆಯವರಿಗೆ ಒಂದು ಮಾತು. ತಾಳವಾಡಿ, ಹೊಸೂರಿನವರಿಗೆ `tnesevai.tn.gov.in`, ಜತ್ತ, ಅಕ್ಕಲಕೋಟೆಯವರಿಗೆ `aaplesarkar.mahaonline.gov.in`, ತೆಲಂಗಾಣದವರಿಗೆ ಮೀಸೇವಾ. ಕರ್ನಾಟಕದ ನಾಡಕಚೇರಿಯ ಪ್ರಮಾಣಪತ್ರದಲ್ಲಿ `RD` ಅಂತ ಶುರುವಾಗುವ ಸಂಖ್ಯೆ ಇರ್ತದೆ. ಅಲ್ಲಿಯ ಸಿಇಟಿ ಅರ್ಜಿಯಲ್ಲಿ ಜಾತಿ, ಆದಾಯಕ್ಕೆ ಆ ಸಂಖ್ಯೆಯನ್ನೇ ಕೇಳ್ತಾರೆ, ಸಂಖ್ಯೆ ಹಾಕಿದರೆ ದಾಖಲೆಯಿಂದ ವಿವರ ಬರ್ತದೆ. ಫೋಟೋ ನೋಡಿ ತೀರ್ಮಾನ ಮಾಡುವ ತಂಟೆಗೇ ಅವರು ಹೋಗಲಿಲ್ಲ.

ನಮ್ಮ ಗಡಿ ಊರುಗಳಲ್ಲಿ ಕಣ್ಣು ಇನ್ನೂ ಹೆಚ್ಚು ಮೋಸ ಹೋಗ್ತದೆ, ಅದಕ್ಕೆ ಕಾರಣ ನಮ್ಮ ಹೆಸರುಗಳು. ಮನೆಯಲ್ಲಿ ತುಳುವಿನಲ್ಲಿ ಕರೆಯುವ ಹೆಸರು, ಶಾಲೆಯಲ್ಲಿ ಕನ್ನಡದಲ್ಲಿ ಬರೆದದ್ದು, ಕಚೇರಿಯಲ್ಲಿ ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಇಳಿಯುತ್ತದೆ. ಐತಪ್ಪ ಒಬ್ಬರೇ, ಕಾಗದದಲ್ಲಿ ಮೂರು ಜನ. ಹೊರಗಿನವರು ಯಾರಾದರೂ ಫೋಟೋ ನೋಡಿದರೆ ಮೊದಲು ಸಂಶಯ ಬರುವುದೇ ನಮ್ಮ ಮಕ್ಕಳ ಕಾಗದದ ಮೇಲೆ. ಕೆಲಸಕ್ಕೆ, ಸೀಟಿಗೆ ಹೋದಾಗ ಯಾರಾದರೂ "ಇದು ನೋಡಲಿಕ್ಕೆ ಸರಿ ಕಾಣುವುದಿಲ್ಲ" ಅಂದರೆ ವಾದ ಮಾಡಬೇಡಿ. "ನಂಬರ್ ಇಲ್ಲಿದೆ ಸಾರ್, ದಾಖಲೆಯಲ್ಲಿ ನೋಡಿ" ಅಂತ ಹೇಳಿ. ಹೆಸರಿನ ವ್ಯತ್ಯಾಸ ದಾಖಲೆಯಲ್ಲೇ ಇದ್ದರೆ ಅದನ್ನು ಸರಿ ಮಾಡಿಸುವುದು ಬೇರೆ ಕೆಲಸ, ಅದಕ್ಕೂ ನಕಲಿಗೂ ಸಂಬಂಧ ಇಲ್ಲ.

ಹಳೆಯ ಕೈಬರಹದ ಕಾಗದ, ಹಳೆಯ ಅಂಕಪಟ್ಟಿ ಯಾವ ಪೋರ್ಟಲಿನಲ್ಲೂ ಸಿಗುವುದಿಲ್ಲ. ಅದಕ್ಕೆ ಕೊಟ್ಟ ಶಾಲೆಗೆ, ಕಚೇರಿಗೆ, ವಿಶ್ವವಿದ್ಯಾಲಯಕ್ಕೇ ಬರೆಯಬೇಕು. ಶುಲ್ಕ ಕೇಳಬಹುದು, ವಾರಗಟ್ಟಲೆ ಹಿಡಿಯಬಹುದು. ಬರೆಯುವಾಗ ಕಾಗದದ ಮೇಲೆ ಅಚ್ಚಾದ ಫೋನ್ ನಂಬರಿಗೆ ಕರೆ ಮಾಡಬೇಡಿ. ಕಾಗದವೇ ಸುಳ್ಳಾದರೆ ನಂಬರೂ ಅವನದ್ದೇ. ಇಷ್ಟೆಲ್ಲ ಮಾಡಿಯೂ ನಮಗೆ ಗೊತ್ತಾಗುವುದು ಈ ಕಾಗದವನ್ನು ಆ ಕಚೇರಿ ಕೊಟ್ಟಿದೆ ಅಂತ ಮಾತ್ರ. ತಂದವರು ಆ ಕಾಗದದವರೇ ಹೌದಾ, ಒಳಗಿನ ಆದಾಯ ನಿಜವಾ ಅಂತ ಕಾಗದ ಹೇಳುವುದಿಲ್ಲ. ಬ್ಯಾಂಕಿನಲ್ಲಿ ಜೆರಾಕ್ಸಿನ ಮೇಲೆ "ಮೂಲ ನೋಡಿದೆ" ಅಂತ ಸೀಲು ಹಾಕಿ ಸಹಿ ಹಾಕ್ತೇವಲ್ಲ, ಅದರ ಅರ್ಥವೂ ಅಷ್ಟೇ, ಮೂಲ ಕಾಗದ ಕೈಯಲ್ಲಿ ಹಿಡಿದು ಜೆರಾಕ್ಸ್ ಅದಕ್ಕೆ ಹೊಂದುತ್ತದೆ ಅಂತ ನೋಡಿದೆವು. ಎಷ್ಟೋ ಜನ ಆ ಸೀಲನ್ನೇ ಅಸಲಿತನದ ಗ್ಯಾರಂಟಿ ಅಂತ ತಿಳ್ಕೊಂಡಿದ್ದಾರೆ.

ಈಗ ಯಾರಾದರೂ ಫೋಟೋ ಕಳಿಸಿದರೆ ನಾವು ಬರೆಯುವ ಉತ್ತರ ಹೀಗೆ: "ಫೋಟೋ ನೋಡಿ ಹೇಳಲು ಬರುವುದಿಲ್ಲ. ಯಾವ ಕಚೇರಿ ಕೊಟ್ಟದ್ದು, ನಂಬರ್ ಎಷ್ಟು ಹೇಳಿ, ಒಟ್ಟಿಗೆ ಕೂತು ನೋಡುವ." ನೋಡಿದ ಮೇಲೆಯೂ "ಅಸಲಿ" ಅನ್ನುವ ಪದ ಹಾಕುವುದಿಲ್ಲ. "ಇಂಥ ತಾರೀಕಿಗೆ ಕಚೇರಿಯ ಪೋರ್ಟಲಿನ ದಾಖಲೆಯ ಜೊತೆ ತಾಳೆಯಾಗಿದೆ" ಅಂತ ಬರೆಯುತ್ತೇವೆ. ತಾಳೆ ಆಗದಿದ್ದರೂ "ನಕಲಿ" ಅನ್ನುವುದಿಲ್ಲ, "ತಾಳೆಯಾಗಲಿಲ್ಲ, ಕಚೇರಿಯಲ್ಲಿ ಕೇಳಿ" ಅಂತೇವೆ. ನಂಬರ್ ಟೈಪ್ ಮಾಡುವಾಗ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಬಿದ್ದು ಎಷ್ಟು ಸಲ ನಾವೇ ಗಾಬರಿಯಾಗಿಲ್ಲ!

ಮತ್ತೆ, ದಯವಿಟ್ಟು ಸರ್ಟಿಫಿಕೇಟಿನ ಫೋಟೋವನ್ನು ಗುಂಪಿಗೆ ಹಾಕಬೇಡಿ. "ಯಾರಾದರೂ ನೋಡಿ ಹೇಳಿ" ಅಂತ ಇನ್ನೂರು ಜನರ ಗುಂಪಿಗೆ ಹಾಕಿದರೆ ಅದರಲ್ಲಿರುವ ನಂಬರು, ಹೆಸರು, ವಿಳಾಸ ಇನ್ನೂರು ಜನರ ಫೋನಿಗೆ ಹೋಯ್ತು. ಮುಂದಿನ ತಿದ್ದುಪಡಿಗೆ ಅಸಲಿ ನಂಬರು ಸಿಗುವುದು ಅಲ್ಲಿಂದಲೇ.

ಆ ಹುಡುಗಿಗೆ ಹಣ ಒಂದು ತಿಂಗಳು ತಡವಾಗಿ ಸಿಕ್ಕಿತು. ಅವಳ ಅಮ್ಮನಿಗೆ ಒಂದು ದಿನದ ಕೂಲಿ ಹೋದದ್ದಕ್ಕೆ ನಾವು ಮೂವರು ಹೋಗಿ ತಪ್ಪಾಯ್ತು ಅಂದೆವು. ಅವರು ಚಾ ಕೊಟ್ಟರು, ಹೆಚ್ಚು ಮಾತಾಡಲಿಲ್ಲ. ಈ ವರ್ಷದ ಅರ್ಜಿಯಲ್ಲಿ ಫೋಟೋ ಕೇಳುವ ಸಾಲು ತೆಗೆದಿದ್ದೇವೆ. ನಂಬರ್ ಬರೆಯುವ ಜಾಗ ಉಂಟು. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರ್ತೇವೆ. ಕಾಗದ ಹಿಡಿದುಕೊಂಡು ಬನ್ನಿ, ಸೊನ್ನೆ ಓದಲಿಕ್ಕೆ ಕನ್ನಡಕ ಬೇಕಾದವರು ಅದನ್ನೂ ತನ್ನಿ.